ವೋಲ್ಟೇಜ್‌ಗೆ ಕೈ ಹಾಕುವ ಮುನ್ನ ವ್ಯಾಟ್ ಇಳಿಸಿ

ಚೆನ್ನೈನ ಮೇ ತಿಂಗಳಲ್ಲಿ ಲ್ಯಾಪ್‌ಟಾಪ್ ಕಾದ ಕಾವಲಿಯೇ. ಗೆಳೆಯರು ಹೇಳುವ ಮದ್ದು ಅಂಡರ್‌ವೋಲ್ಟಿಂಗ್: ಪ್ರೊಸೆಸರ್‌ನ ವೇಗ ಹಾಗೇ ಇಟ್ಟು, ಅದಕ್ಕೆ ಹೋಗುವ ವೋಲ್ಟೇಜ್ ಮಾತ್ರ ತುಸು ತಗ್ಗಿಸುವುದು. ಲೆಕ್ಕ ಸುಳ್ಳಲ್ಲ. ವಿದ್ಯುತ್ ಬಳಕೆ ಹೆಚ್ಚುಕಡಿಮೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತಿರುತ್ತದೆ. 1 ವೋಲ್ಟ್ ಇದ್ದದ್ದು 0.92ಕ್ಕೆ ಬಂದರೆ ಸುಮಾರು ಶೇ 15 ಉಳಿತಾಯ.

ಆದರೂ ಮೊದಲು ವ್ಯಾಟ್ ಮಿತಿ ಇಳಿಸಿ ಎನ್ನುವವನು ನಾನು. ಇಂಟೆಲ್ i5-8250U 15 ವ್ಯಾಟ್‌ನ ಚಿಪ್. ತಯಾರಕರು ಮಿತಿಯನ್ನು ಅದಕ್ಕಿಂತ ಮೇಲಿಟ್ಟಿದ್ದರೆ, ThrottleStop ತಂತ್ರಾಂಶದಲ್ಲಿ ದೀರ್ಘಾವಧಿಯ ಮಿತಿ PL1 ಅನ್ನು 15ಕ್ಕೆ, ಕ್ಷಣಿಕ ಮಿತಿ PL2 ಅನ್ನು 20ಕ್ಕೆ ತನ್ನಿ. ಭಾರದ ಕೆಲಸ ನಿಧಾನವಾಗುತ್ತದೆ, ಅಷ್ಟೇ.

ವೋಲ್ಟೇಜ್ ಅತಿಯಾಗಿ ಇಳಿದರೆ ಮಾತ್ರ ಚಿಪ್‌ನ ಲೆಕ್ಕವೇ ತಪ್ಪುತ್ತದೆ. ಗಂಟೆಗಟ್ಟಲೆ ಪರೀಕ್ಷೆ ಗೆದ್ದ ಯಂತ್ರ ಮರುದಿನ ಸ್ಲೀಪ್‌ನಿಂದ ಏಳುವಾಗ ನೀಲಿ ಪರದೆ ತೋರಬಹುದು. Event Viewer ತೆರೆದಾಗ WHEA-Logger ದೂರುಗಳು ಕಂಡರೆ ಇಳಿಸಿದ್ದು ಹೆಚ್ಚಾಯಿತೆಂದೇ ಅರ್ಥ. ಸದ್ದಿಲ್ಲದೆ ಫೈಲ್ ಕೆಡುವುದು ಇದಕ್ಕಿಂತ ಕೆಟ್ಟದ್ದು. ಹಾಗಾಗಿ 10 ಮಿಲಿವೋಲ್ಟ್‌ನಂತೆ ಇಳಿಯಿರಿ, ಪ್ರತಿ ಮೆಟ್ಟಿಲಲ್ಲೂ ಒಂದೆರಡು ದಿನ ನಿಲ್ಲಿ.

ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಇದು ಬೇಡವೇ ಬೇಡ. 2019ರಲ್ಲಿ ಬಯಲಾದ ಪ್ಲಂಡರ್‌ವೋಲ್ಟ್ ದಾಳಿ ಇದೇ ಬಾಗಿಲಿನಿಂದ ನುಗ್ಗುತ್ತಿತ್ತು. ಆಮೇಲೆ ಬಯೋಸ್ ಅಪ್‌ಡೇಟ್‌ನಲ್ಲಿ ಅನೇಕ ಯಂತ್ರಗಳಿಗೆ ಬೀಗ ಬಿತ್ತು. ಅದನ್ನು ತೆರೆಯಲೆಂದು ಹಳೆಯ ಬಯೋಸ್‌ಗೆ ಮರಳುವುದು ರಕ್ಷಣೆಯನ್ನೇ ಕಳಚಿದಂತೆ.

ಬ್ಯಾಟರಿಯ ಬಗ್ಗೆಯೂ ಅತಿಯಾಸೆ ಬೇಡ. ಮೇಲ್ ಓದುವಾಗ ಪ್ರೊಸೆಸರ್ ಉಣ್ಣುವುದೇ ಅಲ್ಪ, ಹೆಚ್ಚು ನುಂಗುವುದು ಪರದೆ. ಅಲ್ಲಿ ಬೆಳಕು ತಗ್ಗಿಸಿದರೆ ಹೆಚ್ಚು ನಿಮಿಷ ಸಿಗುತ್ತವೆ.