‘ಶಾಲೆ ಜವಾಬ್ದಾರಿಯಲ್ಲ’ ಎಂಬ ಸಾಲಿಗೆ ಹೆದರಬೇಡಿ

ಶಾಲಾ ಪ್ರವಾಸದ ದಿನ ಹತ್ತಿರ ಬಂದಾಗ ಪಾಲಕರಿಂದ ಒಪ್ಪಿಗೆ ಪತ್ರ ತರಿಸುತ್ತಾರೆ. ಕೆಲವು ಪತ್ರಗಳ ಕೊನೆಯಲ್ಲಿ ‘ಏನೇ ಅನಾಹುತವಾದರೂ ಶಾಲೆ ಜವಾಬ್ದಾರಿಯಲ್ಲ’ ಎಂಬ ಸಾಲು ಇರುತ್ತದೆ. ಔರಾದ್, ಭಾಲ್ಕಿ ಕಡೆಯ ಎಷ್ಟೋ ಪಾಲಕರು ಅದಕ್ಕೆ ಸಹಿ ಹಾಕಿದ ಮೇಲೆ ತಮ್ಮ ಹಕ್ಕು ಮುಗಿಯಿತು ಎಂದುಕೊಳ್ಳುತ್ತಾರೆ. ಅದು ತಪ್ಪು ತಿಳಿವಳಿಕೆ. ನೀವು ಒಪ್ಪಿದ್ದು ಮಗುವನ್ನು ಕಳಿಸುವುದಕ್ಕೆ. ಶಿಕ್ಷಕರ ನಿರ್ಲಕ್ಷ್ಯವನ್ನು ನೀವು ಒಪ್ಪಿದಂತಾಗುವುದಿಲ್ಲ.

1995ರ ಮೇ 28ರಂದು ಪಂಜಾಬಿನ ಪಠಾಣ್‌ಕೋಟ್ ಬಳಿಯ ಖಾಸಗಿ ಶಾಲೆಯೊಂದು ಮಕ್ಕಳನ್ನು ಬಿಯಾಸ್ ನದಿ ದಂಡೆಗೆ ಪಿಕ್‌ನಿಕ್‌ಗೆ ಕರೆದೊಯ್ದಿತ್ತು. ಶಿಕ್ಷಕರು ಜೊತೆಗಿದ್ದರೂ 14 ಮಕ್ಕಳು ಮುಳುಗಿ ಸತ್ತರು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮಗು ಶಾಲೆಯ ವಶದಲ್ಲಿರುವಾಗ ಶಿಕ್ಷಕರು ತಂದೆತಾಯಿಯಷ್ಟೇ ಎಚ್ಚರ ವಹಿಸಬೇಕು, ಅವರು ತಪ್ಪಿದರೆ ಶಾಲೆಯೇ ಹೊಣೆ ಎಂದು 2001ರಲ್ಲಿ ಕೋರ್ಟ್ ಹೇಳಿತು. ಪ್ರತಿ ಮಗುವಿನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು.

ಹಾಗಂತ ಮಗುವಿಗೆ ಆದ ಪ್ರತಿ ಗಾಯಕ್ಕೂ ಶಾಲೆ ಹೊಣೆಯಲ್ಲ. ಕಬಡ್ಡಿ ಆಡುವಾಗ ಬಿದ್ದು ಕೈ ಮುರಿದರೆ ಅದು ಆಟದಲ್ಲಿ ಆಗಬಹುದಾದದ್ದೇ. ಆದರೆ ಅಂಗಳದಲ್ಲಿ ಕಬ್ಬಿಣದ ಸರಳು ಎದ್ದಿದ್ದು ಗೊತ್ತಿದ್ದೂ ಅಲ್ಲೇ ಆಡಿಸಿದರೆ, ಕೈ ಮುರಿದ ಮಗುವನ್ನು ಸಂಜೆಯವರೆಗೆ ಕೂರಿಸಿದರೆ, ಅದು ನಿರ್ಲಕ್ಷ್ಯ. ಕಾರಂಜಾ ಜಲಾಶಯಕ್ಕೋ ಮಾಂಜ್ರಾ ದಂಡೆಗೋ ಕರೆದೊಯ್ದು ಮಕ್ಕಳನ್ನು ನೀರಿಗೆ ಬಿಟ್ಟು ಶಿಕ್ಷಕರು ದೂರ ಕೂತರೂ ಅಷ್ಟೇ.

ಅಂಥದ್ದು ನಡೆದರೆ ಆಸ್ಪತ್ರೆಯಲ್ಲಿ ಗಾಯ ಎಲ್ಲಿ, ಹೇಗಾಯಿತು ಎಂದು ಹೇಳಿ ಚೀಟಿಯಲ್ಲಿ ಬರೆಸಿ. ಮುಖ್ಯ ಶಿಕ್ಷಕರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ಬಿಇಒ ಕಚೇರಿಗೂ ಕೊಡಿ. ‘ಮಾತಾಡಿ ಮುಗಿಸೋಣ’ ಎಂದು ಸುಮ್ಮನಾದರೆ ಆರು ತಿಂಗಳ ನಂತರ ನಿಮ್ಮ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಇನ್ನು ಮಗುವೇ ನಷ್ಟ ಮಾಡಿದರೆ? ಶಾಲೆಯ ಆಟದಲ್ಲಿ ಚೆಂಡು ತಾಗಿ ಪಕ್ಕದ ಮನೆಯ ಗಾಜು ಒಡೆದರೆ, ಹೆತ್ತವರು ಎಂಬ ಒಂದೇ ಕಾರಣಕ್ಕೆ ಕಾನೂನು ನಿಮ್ಮನ್ನು ಹೊಣೆ ಮಾಡುವುದಿಲ್ಲ. ಆಗ ಮಗು ಶಿಕ್ಷಕರ ನಿಗಾದಲ್ಲಿತ್ತು. ಆದರೆ ನಿಮ್ಮದೇ ನಿರ್ಲಕ್ಷ್ಯವಿದ್ದರೆ ಹೊಣೆ ನಿಮ್ಮದು. 14 ವರ್ಷದ ಮಗನಿಗೆ ಬೈಕ್ ಕೀಲಿ ಕೊಟ್ಟು ಶಾಲೆಗೆ ಕಳಿಸಿ, ಅವನು ಯಾರಿಗಾದರೂ ಗುದ್ದಿದರೆ ಪಾಲಕರಿಗೇ ಜೈಲು, ದಂಡ ಎರಡೂ ಆಗಬಹುದು. ಗಾಜಿನ ದುಡ್ಡು ಕೊಡಲಿಲ್ಲವೆಂದು ಎಂಟನೇ ತರಗತಿಯೊಳಗಿನ ಮಗುವನ್ನು ಶಾಲೆಯಿಂದ ತೆಗೆಯುವಂತಿಲ್ಲ, ಟಿಸಿ ತಡೆಯುವಂತೆಯೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ.

2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಪ್ರವಾಸಕ್ಕೆ ಹೋಗಿ ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ಸತ್ತರು. ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು: ಬೀದರ್ ಜಿಲ್ಲೆಯ ಶಾಲೆಗಳು ಒಪ್ಪಿಗೆ ಪತ್ರದಿಂದ ಆ ಸಾಲನ್ನು ತೆಗೆಯಬೇಕು. ಅದರ ಜಾಗದಲ್ಲಿ ಎಷ್ಟು ಶಿಕ್ಷಕರು ಬರುತ್ತಾರೆ, ಯಾವ ವಾಹನ, ನೀರಿನ ಹತ್ತಿರ ಹೋಗುತ್ತಾರೆಯೇ, ಯಾರಿಗೆ ಫೋನ್ ಮಾಡಬೇಕು ಎಂದು ಬರೆಯಬೇಕು. ಬರೆಯದಿದ್ದರೆ ಸಹಿ ಹಾಕುವ ಮೊದಲು ನೀವೇ ಕೇಳಿ.