ಮನೆಯ ಆರೋಗ್ಯ: ಸಕ್ಕರೆಯ ಪಟ್ಟಿಯನ್ನು ಓದುವ ಬಗೆ

ಕೊಳ್ಳೇಗಾಲದಲ್ಲಿ ರೇಷ್ಮೆಯ ಮಗ್ಗ ನಡೆಯಿಸುವ ಮಧುಮೇಹಿಯೊಬ್ಬರ ವಾರದ ಪಟ್ಟಿ ಹೀಗಿದೆಯೆಂದು ಇಟ್ಟುಕೊಳ್ಳೋಣ. ಬರಿಹೊಟ್ಟೆಯ ಅಂಕಿಗಳೆಲ್ಲ 110ರಿಂದ 125ರೊಳಗೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಐದು ದಿನ 100ಕ್ಕೆ ಮೇಲೆ, ಸೋಮವಾರ 64, ಗುರುವಾರ 61. ಸರಾಸರಿ ತೆಗೆದರೆ ಈ ಎರಡೂ ಅಡಗಿಹೋಗುವುವು. ಆದುದರಿಂದ ಒಂದೊಂದು ಹೊತ್ತಿನ ಅಂಕಿಗಳನ್ನೂ ಮೇಲಿನಿಂದ ಕೆಳಕ್ಕೆ ಓದತಕ್ಕದ್ದು. ಆ ಎರಡು ದಿನವೂ ಸೀರೆ ಮುಗಿಸುವ ಅವಸರದಲ್ಲಿ ಊಟ ತಡವಾಗಿತ್ತು. ಬೆಳಗಿನ ಗ್ಲಿಮೆಪಿರೈಡ್ ಗುಳಿಗೆ ಮಾತ್ರ ತಪ್ಪಿರಲಿಲ್ಲ. ಊಟ ತಡವಾಯಿತೆಂದು ಆ ಗುಳಿಗೆ ಕಾಯುವುದಿಲ್ಲ. ಇನ್ಸುಲಿನ್ನನ್ನು ಹೊರಡಿಸುತ್ತಲೇ ಇರುತ್ತದೆ. 70ಕ್ಕೆ ಕೆಳಗಿಳಿದರೆ ಮೂರು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಕಾಲು ಘಂಟೆಯ ಮೇಲೆ ಮರಳಿ ಪರೀಕ್ಷಿಸಬೇಕು. ವೈದ್ಯರ ಮುಂದೆ “ಸಕ್ಕರೆ ಏರಿಳಿಯುತ್ತದೆ” ಎಂದಷ್ಟೇ ಹೇಳಿದರೆ ಸಾಲದು. ಗುಳಿಗೆ ನುಂಗಿದ ಹೊತ್ತು, ಊಟದ ಹೊತ್ತು, ಕೈ ನಡುಗಿ ಬೆವರಿತೇ ಎಂಬುದು, ಇವನ್ನು ತಿಳಿಸಿ ಗುಳಿಗೆಯ ಪ್ರಮಾಣ ತಗ್ಗಬೇಕೇ ಎಂದು ಆ ವಾರದಲ್ಲಿಯೇ ಕೇಳಿರಿ.