ಜಾಗ ಹೋದದ್ದು 2003ರ ನೋಟಿಸ್‌ಗೆ, ಪರಿಹಾರ ಯಾವ ವರ್ಷದ ಬೆಲೆಗೆ?

ನಾಯಂಡಹಳ್ಳಿ: ಮೈಸೂರು ರಸ್ತೆ, ಹೊರ ವರ್ತುಲ ರಸ್ತೆ, ಮೆಟ್ರೋ ಮೂರೂ ಸೇರುವ ಈ ಭಾಗದಲ್ಲಿ ಭೂಸ್ವಾಧೀನ ಹೊಸ ಮಾತಲ್ಲ. ಮೆಟ್ರೋಗೆ ಬೇಕಾದ ಖಾಸಗಿ ಜಾಗವನ್ನು ಸ್ವಾಧೀನ ಮಾಡಿಕೊಟ್ಟಿದ್ದು ಕೆಐಎಡಿಬಿ. ಇಲ್ಲಿಂದ ಮುಂದೆ ಕೆಂಗೇರಿ ಬಳಿ ಸಿಗುವ ನೈಸ್ ರಸ್ತೆಗೂ ಅದೇ ಮಂಡಳಿ ಜಾಗ ತೆಗೆದುಕೊಂಡಿತ್ತು. ಆ ನೈಸ್ ಯೋಜನೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜನವರಿ 2ರಂದು ಕೊಟ್ಟ ತೀರ್ಪು, ಜಾಗ ಕಳೆದುಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು.

ನಡೆದದ್ದೇನು?

ಬೆಂಗಳೂರು ದಕ್ಷಿಣ ತಾಲೂಕಿನಲ್ಲಿ 1995-97ರ ಸುಮಾರಿಗೆ ಕೆಲವರು ಸೈಟ್ ಕೊಂಡಿದ್ದರು. 2003ರ ಜನವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಬಂತು. 2005ರ ನವೆಂಬರ್‌ನಲ್ಲಿ ಜಾಗವೂ ಕೈಬಿಟ್ಟು ಹೋಯಿತು. ಆದರೆ ಪರಿಹಾರ ನಿಗದಿ ಮಾಡುವ ಅವಾರ್ಡ್ ಮಾತ್ರ ಬರಲೇ ಇಲ್ಲ. ಮಾಲೀಕರು ಹೈಕೋರ್ಟ್‌ಗೆ ಹೋಗಿ, ನ್ಯಾಯಾಂಗ ನಿಂದನೆ ಅರ್ಜಿಯನ್ನೂ ಹಾಕಿದ ಮೇಲೆ 2019ರ ಏಪ್ರಿಲ್ 22ರಂದು ವಿಶೇಷ ಭೂಸ್ವಾಧೀನಾಧಿಕಾರಿ ಅವಾರ್ಡ್ ಹೊರಡಿಸಿದರು. ಅದರಲ್ಲಿ ಹಿಡಿದದ್ದು 2011ರ ಮಾರ್ಗಸೂಚಿ ದರ.

ಕಾಯ್ದೆ ಪ್ರಕಾರ ಮಾರುಕಟ್ಟೆ ಬೆಲೆ ನೋಡಬೇಕಾದದ್ದು ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ, ಅಂದರೆ ಇಲ್ಲಿ 2003ಕ್ಕೆ. ಅದನ್ನು ತಾವಾಗಿಯೇ ಮುಂದಕ್ಕೆ ತರುವ ಅಧಿಕಾರ ಆ ಅಧಿಕಾರಿಗೆ ಇಲ್ಲ ಎಂದಿತು ಸುಪ್ರೀಂ ಕೋರ್ಟ್. ಹಾಗಂತ 2003ರ ಬೆಲೆ ಕೊಟ್ಟರೆ ಅನ್ಯಾಯವಾಗುತ್ತದೆ, ವಿಳಂಬಕ್ಕೆ ಮಾಲೀಕರು ಕಾರಣರಲ್ಲ ಎಂದೂ ಹೇಳಿತು. ಕೊನೆಗೆ ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಂತೆ ಎರಡು ತಿಂಗಳಲ್ಲಿ ಹೊಸ ಅವಾರ್ಡ್ ಕೊಡುವಂತೆ ಆದೇಶಿಸಿತು.

ಇದು ಎಲ್ಲರಿಗೂ ತಾನಾಗಿಯೇ ಸಿಗುವ ಸೌಲಭ್ಯವಲ್ಲ. ಸಾಮಾನ್ಯ ನಿಯಮ ಈಗಲೂ ಅಧಿಸೂಚನೆಯ ದಿನವೇ. ದಿನಾಂಕ ಬದಲಾಗಬೇಕೆಂದರೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟೇ ಹೇಳಬೇಕು.

ದರ ಏರಿದರೆ ಎಷ್ಟು ವ್ಯತ್ಯಾಸ?

ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. 600 ಚದರ ಅಡಿ ಜಾಗಕ್ಕೆ ಅಡಿಗೆ 1,000 ರೂಪಾಯಿ ಅಂತ ಅಧಿಕಾರಿ ಬರೆದರೆ ಮಾರುಕಟ್ಟೆ ಬೆಲೆ 6 ಲಕ್ಷ. ಇಷ್ಟವಿಲ್ಲದಿದ್ದರೂ ಜಾಗ ಬಿಡಬೇಕಾಗಿ ಬಂದದ್ದಕ್ಕೆ ಮೇಲೆ ಕೊಡುವ ಹಣವೇ ಸೊಲೇಷಿಯಂ. 1894ರ ಕಾಯ್ದೆಯಲ್ಲಿ ಅದು ಶೇ 30, ಅಂದರೆ 1.80 ಲಕ್ಷ. ಒಟ್ಟು 7.80 ಲಕ್ಷ.

ಅದೇ ದರವನ್ನು ಕೋರ್ಟ್ 2,500ಕ್ಕೆ ಏರಿಸಿತು ಅಂದುಕೊಳ್ಳಿ. ಬೆಲೆ 15 ಲಕ್ಷ, ಸೊಲೇಷಿಯಂ 4.50 ಲಕ್ಷ, ಒಟ್ಟು 19.50 ಲಕ್ಷ. ಏರಿದ್ದು ದರ ಮಾತ್ರ, ಆದರೆ ಅದರ ಬೆನ್ನಿಗೇ ಸೊಲೇಷಿಯಂ ಕೂಡ ಏರುತ್ತದೆ. ವರ್ಷಕ್ಕೆ ಶೇ 12ರ ಹೆಚ್ಚುವರಿ ಮೊತ್ತದ ಲೆಕ್ಕವೂ ಇದೇ ಬೆಲೆಯ ಮೇಲೆ. 2013ರ ಹೊಸ ಕಾಯ್ದೆಯಡಿ ನಡೆಯುವ ಸ್ವಾಧೀನದಲ್ಲಿ ಸೊಲೇಷಿಯಂ ಶೇ 100. ಹಾಗಾಗಿ ನೋಟಿಸ್ ಬಂದ ಕೂಡಲೇ ಅದು ಯಾವ ಕಾಯ್ದೆಯಡಿ ಬಂದಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಕ್ರಯಪತ್ರವೇ ಸಾಕ್ಷಿ

ಜಗಳ ನಿಂತಿರುವುದೇ ದರದ ಮೇಲೆ. ಗೈಡೆನ್ಸ್ ವ್ಯಾಲ್ಯೂ ಮುದ್ರಾಂಕ ಶುಲ್ಕಕ್ಕೆಂದು ಮಾಡಿದ ದರ, ಅದೇ ನಿಜವಾದ ಬೆಲೆ ಅಂತೇನಿಲ್ಲ. ಕೋರ್ಟ್ ಮುಖ್ಯವಾಗಿ ಕೇಳುವುದು ಅಕ್ಕಪಕ್ಕದ ಅಂಥದೇ ಜಾಗ ಅಧಿಸೂಚನೆಗೆ ಸ್ವಲ್ಪ ಮುಂಚೆ ಎಷ್ಟಕ್ಕೆ ಮಾರಾಟವಾಗಿತ್ತು ಎಂಬುದನ್ನು. ಅದಕ್ಕೆ ನೋಂದಾಯಿತ ಕ್ರಯಪತ್ರ ಬೇಕು.

ಸಮಸ್ಯೆ ಶುರುವಾಗುವುದೇ ಇಲ್ಲಿ. ಶುಲ್ಕ ಉಳಿಸೋಕೆ ಅಂತ ಕೈಬದಲಾದ ಹಣದ ಒಂದು ಭಾಗವನ್ನಷ್ಟೇ ಪತ್ರದಲ್ಲಿ ಬರೆಸಿದ್ದರೆ, ಮುಂದೆ ಅದೇ ಪತ್ರ ಮಾಲೀಕರಿಗೆ ವಿರುದ್ಧವಾದ ಸಾಕ್ಷಿಯಾಗುತ್ತದೆ. ರಸ್ತೆಬದಿಯ ಜಾಗಕ್ಕೆ ಒಳಗಿನ ಜಾಗಕ್ಕಿಂತ ಹೆಚ್ಚು ಬೆಲೆ ಕೇಳುವವರು ರಸ್ತೆಬದಿಯದೇ ಪತ್ರ ಹುಡುಕಿ ತರಬೇಕು. ಸಣ್ಣ ಸೈಟಿನ ದರವನ್ನು ಎಕರೆಗಟ್ಟಲೆ ಜಮೀನಿಗೆ ಕೇಳಿದರೆ, ರಸ್ತೆ, ಚರಂಡಿ ಇತ್ಯಾದಿ ಅಭಿವೃದ್ಧಿ ವೆಚ್ಚದ ಲೆಕ್ಕದಲ್ಲಿ ಕೋರ್ಟ್ ಒಂದು ಪಾಲು ಕಡಿತ ಮಾಡುತ್ತದೆ.

ಚೆಕ್ ತೆಗೆದುಕೊಳ್ಳುವ ಮುನ್ನ

1894ರ ಕಾಯ್ದೆಯ ಅವಾರ್ಡ್ ಒಪ್ಪಿಗೆಯಿಲ್ಲದಿದ್ದರೆ 18ನೇ ಸೆಕ್ಷನ್‌ನಡಿ ಪ್ರಕರಣವನ್ನು ಸಿವಿಲ್ ಕೋರ್ಟ್‌ಗೆ ಕಳಿಸುವಂತೆ ಲಿಖಿತ ಅರ್ಜಿ ಕೊಡಬೇಕು. ಕರ್ನಾಟಕದ ತಿದ್ದುಪಡಿಯಂತೆ ಅವಾರ್ಡ್ ನೋಟಿಸ್ ಕೈಸೇರಿದ ದಿನದಿಂದ 90 ದಿನ ಗಡುವು. ಆದ್ದರಿಂದ ನೋಟಿಸ್ ಸಿಕ್ಕ ತಾರೀಖಿಗೆ ದಾಖಲೆ ಇಟ್ಟುಕೊಳ್ಳಬೇಕು.

ಹಣ ತೆಗೆದುಕೊಂಡರೆ ಹಕ್ಕು ಹೋಗುತ್ತದೆ ಅಂತ ಹೆದರಿ ಚೆಕ್ ಬಿಡಬೇಕಾಗಿಲ್ಲ. ಆದರೆ 'ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ' ಅಂತ ರಸೀದಿಯಲ್ಲೇ ಬರೆದು ಸಹಿ ಹಾಕಬೇಕು. ಹಾಗೆ ಆಕ್ಷೇಪಣೆ ದಾಖಲಿಸದೆ ಹಣ ಪಡೆದವರು 18ನೇ ಸೆಕ್ಷನ್‌ನ ಅರ್ಜಿ ಹಾಕುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಪರಸ್ಪರ ಒಪ್ಪಂದದ ದರಕ್ಕೆ ಸಹಿ ಹಾಕಿದವರಿಗೂ ಆಮೇಲೆ ಹೆಚ್ಚು ಕೇಳುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ನೈಸ್ ಪ್ರಕರಣದ ಸೈಟ್ ಮಾಲೀಕರು ಕೋರ್ಟ್ ಬಾಗಿಲು ತಟ್ಟದೇ ಇದ್ದಿದ್ದರೆ 2019ರ ಬೆಲೆ ಅವರ ಪಾಲಿಗೆ ಬರುತ್ತಿರಲಿಲ್ಲ.